ಒಟ್ಟು ಲಗತ್ತು ೬ ಮಾತ್ರ

ಮನೆ ಕಟ್ಟಲು ಪರವಾನಗಿ ಕೇಳಿ ಚನ್ನಬಸಮ್ಮ ಕೊಟ್ಟ ಅರ್ಜಿಯ ಕೆಳಗೆ ಆರು ಲಗತ್ತುಗಳ ಪಟ್ಟಿ ಇತ್ತು. ಬೇಲದಕೊಪ್ಪಲು ಗ್ರಾಮ ಪಂಚಾಯಿತಿಯ ಕಡತದಲ್ಲಿ ಅದೇ ಅರ್ಜಿಯ ಕೆಳಗೆ ಏಳು ಇದ್ದವು.

ಅದು ಅವಳಿಗೆ ಗೊತ್ತಾದದ್ದು ೧೯೯೯ರ ಆಗಸ್ಟ್ ತಿಂಗಳ ಒಂದು ಮಂಗಳವಾರ. ತಾಂಡ್ಯದ ಫ್ಯಾಕ್ಟರಿಯಲ್ಲಿ ಅವಳಿಗೆ ಮಂಗಳವಾರ ವಾರದ ರಜೆ. ಅರ್ಜಿ ಕೊಟ್ಟು ಒಂದು ತಿಂಗಳಾಗಿತ್ತು. ಲೈಸೆನ್ಸ್ ಬರೆದಿಟ್ಟಿದ್ದಾರೆ, ಬಂದು ತಗೊಂಡು ಹೋಗಬೇಕಂತೆ ಎಂದು ಮೈದುನ ನಂಜೇಶ್ ಹಿಂದಿನ ದಿನ ಹೇಳಿದ್ದ. ಹೇಳುವಾಗ ಅವನು ಅವಳ ಮುಖ ನೋಡಿರಲಿಲ್ಲ, ಎಮ್ಮೆಯ ಹಗ್ಗ ಬಿಚ್ಚುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು. ಗಮನಿಸುವುದೇ ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಪ್ಯಾಕಿಂಗ್ ಸೆಕ್ಷನ್‌ನಲ್ಲಿ ರಟ್ಟಿನ ಡಬ್ಬದ ಮೇಲಿನ ನಂಬರಿಗೂ ಚೀಟಿಯ ನಂಬರಿಗೂ ತಾಳೆ ನೋಡಿ ಸೀಲು ಒತ್ತುವವಳು ಅವಳು.

ಪಂಚಾಯಿತಿ ಕಚೇರಿ ಎಂದರೆ ಹಳೆ ಶಾಲೆಯ ಎರಡು ಕೋಣೆ. ಕಾರ್ಯದರ್ಶಿ ಸೋಮಶೇಖರ್ ಮೇಜಿನ ಹಿಂದೆ ಕೂತಿದ್ದರು. ಅವರು ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಯಾರಿಗೂ ಗದರಿದವರಲ್ಲ. ಗದರದೆಯೇ ಕೆಲಸ ಮಾಡಿಸಿಕೊಳ್ಳುವ ಜಾತಿ.

"ಬನ್ನಿ ಚನ್ನಬಸಮ್ಮನೋರೆ, ಕೂತ್ಕೊಳ್ಳಿ. ನಿಮ್ದೇ ನೋಡ್ತಿದ್ದೆ. ಎಲ್ಲಾ ಸರಿಯಾಗಿದೆ. ನಿಮ್ಮ ಏಳನೇ ಕಾಗ್ದಕ್ಕೆ ಮಾತ್ರ ಸೈನ್ ಬಿಟ್ಟೋಗಿದೆ. ಒಂದು ಸೈನ್ ಹಾಕ್ಬಿಟ್ರೆ ಗುರುವಾರದ ಮೀಟಿಂಗಿಗೆ ಇಟ್ಟು ಪಾಸ್ ಮಾಡಿಸಿಬಿಡ್ತೀನಿ."

"ಏಳನೇದು ಯಾವ್ದು ಸಾ?"

"ನೀವೇ ಲಗತ್ತು ಮಾಡಿರೋದು ಕಣ್ರೀ." ಅವರು ಕಡತ ತಿರುಗಿಸಿ ಅವಳ ಕಡೆಗೆ ತಳ್ಳಿದರು. ತಳ್ಳಿದರೂ ಅದರ ಅಂಚಿನ ಮೇಲಿಂದ ಬೆರಳು ತೆಗೆಯಲಿಲ್ಲ.

ಅರ್ಜಿ ಅವಳದೇ. ಕೆಳಗೆ ಬಲಕ್ಕೆ ಅವಳ ರುಜು, ಅವಳದೇ. ರುಜುವಿನ ಕೆಳಗೆ ಎಡಕ್ಕೆ ಪಟ್ಟಿ. ಒಂದರಿಂದ ಆರರವರೆಗೆ ಸಾಲುಗಳು ನಿರಾಳವಾಗಿ ಉಸಿರಾಡುತ್ತಿದ್ದವು. ಏಳನೆಯದು ಮಾತ್ರ ಸಂತೆ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ನುಗ್ಗಿ ಕೂತ ಹಾಗೆ ಇಕ್ಕಟ್ಟಾಗಿ, ಸೊಟ್ಟಗೆ: '೭. ಪೂರ್ವ ದಿಕ್ಕಿನ ೧೦ ಅಡಿ ಜಾಗವನ್ನು ಸಾರ್ವಜನಿಕ ರಸ್ತೆಗೆ ಬಿಟ್ಟುಕೊಟ್ಟ ಒಪ್ಪಿಗೆ ಪತ್ರ.' ಅದರ ಕೆಳಗೆ, 'ಒಟ್ಟು ಲಗತ್ತು ೭ ಮಾತ್ರ.'

ಹಿಂದೆ ಪೋಣಿಸಿದ್ದ ಕಾಗದಗಳ ಕೊನೆಯಲ್ಲಿ ಟೈಪ್ ಮಾಡಿದ ಒಂದು ಹಾಳೆ ಇತ್ತು. 'ಚನ್ನಬಸಮ್ಮ ಕೋಂ ಲೇಟ್ ಶಿವಬಸಪ್ಪ ಆದ ನಾನು ಸ್ವಇಚ್ಛೆಯಿಂದ' ಎಂದು ಶುರುವಾಗಿ, ರುಜು ಇರಬೇಕಾದ ಜಾಗ ಖಾಲಿ ಇತ್ತು.

ಅವಳ ಊಟದ ಬ್ಯಾಗಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಆ ಅರ್ಜಿಯ ಕಾರ್ಬನ್ ಪ್ರತಿ ಮಡಿಸಿಕೊಂಡು ಕೂತಿತ್ತು. ಪಂಚಾಯಿತಿಯ ಸೀಲು, ತಾರೀಕು, 'ಸ್ವೀಕರಿಸಿದೆ' ಎಂಬ ಸೋಮಶೇಖರ್ ಅವರ ರುಜು ಎಲ್ಲ ಅದರ ಮೇಲಿದ್ದವು. ತೆಗೆದು ಎದುರಿಗಿಟ್ಟು ಕೇಳಿಬಿಡಬಹುದಿತ್ತು. ಅವಳ ಕೈ ಬ್ಯಾಗಿನವರೆಗೆ ಹೋಗಿ ವಾಪಸ್ ಬಂತು. ಕಡತದ ಮೇಲಿಂದ ಬೆರಳು ತೆಗೆಯದವನ ಎದುರಿಗೆ ತನ್ನ ಕಾಗದ ಯಾಕೆ ತೆಗೆಯಬೇಕು?

"ಕನ್ನಡಕ ತಂದಿಲ್ಲ ಸಾ. ಗುರುವಾರ ಬತ್ತೀನಿ."

"ನೀವು ಕನ್ನಡಕ ಹಾಕೋದನ್ನ ನಾನು ನೋಡೇ ಇಲ್ವಲ್ಲ?"

"ನೀವು ನೋಡ್ದೆ ಇರೋದು ಬೇಕಾದಷ್ಟವೆ," ಎಂದು ಎದ್ದಳು.

ಹೊರಗೆ ಬಂದು, ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು, ಕಾರ್ಬನ್ ಪ್ರತಿ ಬಿಚ್ಚಿದಳು.

'ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರಿಗೆ, ಗ್ರಾಮ ಪಂಚಾಯಿತಿ, ಬೇಲದಕೊಪ್ಪಲು, ನಂಜನಗೂಡು ತಾಲ್ಲೂಕು. ವಿಷಯ: ವಾಸದ ಮನೆ ಕಟ್ಟಲು ನಕ್ಷೆ ಮಂಜೂರು ಮಾಡಿ ಪರವಾನಗಿ ಕೊಡುವ ಬಗ್ಗೆ. ತಮ್ಮಲ್ಲಿ ಅರಿಕೆ ಏನೆಂದರೆ, ಸದರಿ ಗ್ರಾಮದಲ್ಲಿ ನನ್ನ ಹೆಸರಿನಲ್ಲಿ ಖಾತೆ ಇರುವ, ಪೂರ್ವ ಪಶ್ಚಿಮ ೩೦ ಅಡಿ, ಉತ್ತರ ದಕ್ಷಿಣ ೪೦ ಅಡಿ ಅಳತೆಯ ಖಾಲಿ ನಿವೇಶನದಲ್ಲಿ ಲಗತ್ತು ನಕ್ಷೆಯಂತೆ ವಾಸಕ್ಕೆ ಮನೆ ಕಟ್ಟಿಕೊಳ್ಳಲು ಇಚ್ಛಿಸಿರುತ್ತೇನೆ. ಆದ್ದರಿಂದ ದಯಮಾಡಿ ಪರವಾನಗಿ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಲಗತ್ತು: ೧. ಕ್ರಯಪತ್ರದ ಜೆರಾಕ್ಸ್. ೨. ಪಂಚಾಯಿತಿ ಖಾತೆ ನಕಲು. ೩. ಚಾಲ್ತಿ ಸಾಲಿನ ಕಂದಾಯ ರಸೀದಿ. ೪. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ. ೫. ಮನೆಯ ನಕ್ಷೆ, ೩ ಪ್ರತಿ. ೬. ಚಕ್ಕುಬಂದಿ ತೋರಿಸುವ ಸ್ಥಳದ ಸ್ಕೆಚ್. ಒಟ್ಟು ಲಗತ್ತು ೬ ಮಾತ್ರ.'

ಆರು. ನೀಲಿ ಕಾರ್ಬನ್ನಿನಲ್ಲಿ ಸ್ವಲ್ಪ ಮಸುಕಾಗಿದ್ದರೂ ಆರೇ. ಅವಳು ಆ ಅಂಕಿಯನ್ನೇ ನೋಡುತ್ತ ಕೂತಳು. ನಮ್ಮ ಕನ್ನಡದ ಆರಕ್ಕೂ ಏಳಕ್ಕೂ ಎಷ್ಟು ಅಂತರ? ಬಾಲ ಒಂದಿಷ್ಟು ಅತ್ತ ತಿರುಗಿಸಿದರೆ ಮುಗಿಯಿತು. ಫ್ಯಾಕ್ಟರಿಯಲ್ಲಿ ಇಂಗ್ಲಿಷ್ ಅಂಕಿ, ಅಲ್ಲಿ ಈ ತೊಂದರೆ ಇಲ್ಲ. ತವರೂರು ಹೆಮ್ಮಿಗೆಯ ಶಾಲೆಯಲ್ಲಿ ಈ ಎರಡನ್ನು ಅದಲು ಬದಲು ಬರೆದು ಅವಳು ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದಳೋ. ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ತಪ್ಪನ್ನು ದೊಡ್ಡವರು ಬೇಕೆಂದೇ ಮಾಡಿ ಒಂದು ಮನೆಯ ಬಾಗಿಲು ನುಂಗಬಹುದು ಎಂದು ಆ ಮೇಷ್ಟ್ರು ಕಲಿಸಿರಲಿಲ್ಲ.

ಬಾಗಿಲು ಎಂದರೆ ನಿಜವಾಗಿಯೂ ಬಾಗಿಲೇ. ನಕ್ಷೆಯಲ್ಲಿ ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಮೂವತ್ತು ಅಡಿಯಲ್ಲಿ ಪೂರ್ವದ ಹತ್ತು ಅಡಿ ಹೋದರೆ ಜಗುಲಿ, ಮೆಟ್ಟಿಲು, ಮುಂಬಾಗಿಲು, ನಡುಮನೆಯ ಅರ್ಧ ಎಲ್ಲ ರಸ್ತೆಯ ಮೇಲೆ ಬರುತ್ತಿದ್ದವು. ನಕ್ಷೆಯಲ್ಲಿ ಇಡಿಯಾಗಿ ಉಳಿಯುತ್ತಿದ್ದದ್ದು ಒಂದು ಕೋಣೆ. ಈಗ ಮೈದುನನ ಮನೆಯಲ್ಲಿ ಅವಳಿಗೆ ಇರುವುದೂ ಒಂದು ಕೋಣೆಯೇ. ಗಂಡ ಸತ್ತ ಆರು ವರ್ಷದಿಂದ ಮಗಳನ್ನು ಕಟ್ಟಿಕೊಂಡು ಅವಳು ಅಲ್ಲೇ ಇದ್ದಳು. ಅಲ್ಲಿಂದ ಹೊರಗೆ ಬರಲೆಂದೇ ಈ ಅರ್ಜಿ.

ಆ ಹತ್ತು ಅಡಿ ಯಾರಿಗೆ ಬೇಕಿತ್ತು ಎಂದು ಬೇಲದಕೊಪ್ಪಲಿನ ಯಾವ ಮಗುವಾದರೂ ಹೇಳುತ್ತಿತ್ತು. ಅವಳ ಸೈಟಿನ ಹಿಂದೆ ಪಂಚಾಯಿತಿ ಸದಸ್ಯ ಚಿಕ್ಕಬಸಪ್ಪನ ನಾಲ್ಕು ಎಕರೆ ಇತ್ತು. ತಾಂಡ್ಯಕ್ಕೆ ಕೆಲಸಕ್ಕೆ ಬರುವವರಿಗೆ ಮಾರಲು ಅವನು ಅದರಲ್ಲಿ ಕಲ್ಲು ನೆಟ್ಟು ಸೈಟು ಗುರುತು ಹಾಕಿದ್ದ. ಆದರೆ ಅಲ್ಲಿಗೆ ಹೋಗಲು ಇದ್ದದ್ದು ಅವಳ ಸೈಟಿನ ಪೂರ್ವಕ್ಕೆ ಒಂದು ಎತ್ತಿನ ಗಾಡಿಯ ಜಾಡು ಮಾತ್ರ. ಅಗಲ ರಸ್ತೆ ತೋರಿಸದೆ ಅವನ ಬಡಾವಣೆಯ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಜರುಗುವಂತಿರಲಿಲ್ಲ.

ಬುಧವಾರ ಮೊದಲ ಪಾಳಿ ಮುಗಿಸಿ, ಎರಡೂವರೆಗೆ ಅವಳು ನಂಜನಗೂಡಿನ ತಾಲ್ಲೂಕು ಕಚೇರಿ ಎದುರಿನ ಹೊಂಗೆಮರದ ಕೆಳಗಿದ್ದಳು. ಅರ್ಜಿ ಬರೆಯುವ ಮರಿಸ್ವಾಮಿ ಅಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಇಪ್ಪತ್ತು ವರ್ಷವಾಗಿತ್ತು. ಗುಂಡು ಅಕ್ಷರ. ಕನ್ನಡ ಅಂಕಿ ಬಿಟ್ಟು ಬೇರೆ ಬರೆಯುವುದಿಲ್ಲ ಎಂಬ ಜಂಬ. ಜೊತೆಗೆ ಇನ್ನೊಂದು ನೇಮ: ಲಗತ್ತುಗಳ ಪಟ್ಟಿ ಮುಗಿದ ಮೇಲೆ ಒಟ್ಟನ್ನು ಅಕ್ಷರದಲ್ಲಿ ಬರೆದು 'ಮಾತ್ರ' ಎಂದು ಬೀಗ ಹಾಕುವುದು. ಬ್ಯಾಂಕಿನ ಚೆಕ್ಕಿನ ಹಾಗೆ.

ಅವನು ಯಾರದೋ ಪಹಣಿ ಅರ್ಜಿ ಬರೆಯುತ್ತಿದ್ದ. ಮುಗಿದು, ಅದನ್ನು ಬರೆಸಿದವನು ಎದ್ದುಹೋಗುವವರೆಗೆ ಅವಳು ನಿಂತೇ ಇದ್ದಳು. ಆ ಅರ್ಜಿಯ ಕೊನೆಯನ್ನು ಅವಳು ಅವನ ಹೆಗಲ ಮೇಲಿಂದ ಓದಿದ್ದಳು. 'ಒಟ್ಟು ಲಗತ್ತು ಮೂರು ಮಾತ್ರ.'

"ಮೂರು ಅಂತ ಅಕ್ಸರದಲ್ಲಿ ಬರದ್ರಲ್ಲ ಮರಿಸ್ವಾಮಣ್ಣ. ನಂದ್ರಲ್ಲಿ ಯಾಕೆ ಅಂಕಿ?"

ಮರಿಸ್ವಾಮಿ ಪೆನ್ನಿನ ಕ್ಯಾಪು ಹುಡುಕತೊಡಗಿದ. ಅದು ಅವನ ಕಿವಿಯ ಮೇಲೇ ಇತ್ತು.

"ಅವತ್ತು ಜನ ಸ್ಯಾನೆ ಇದ್ರು ಕಣವ್ವ. ಬಿರ್ರನೆ ಬರ್ದೆ."

"ಜನ ಇರ್ನಿಲ್ಲ. ನಾನೂ ನಂಜೇಶನೂ ಇಬ್ರೇ. ನೀವು ಎಲಡಿಕೆ ಹಾಕ್ಕಂಡು ಸಾವಕಾಶವಾಗಿ ಬರದ್ರಿ."

"ಅಂಗಾದ್ರೆ ಮರ್ತೆ ಅಂದ್ಕೊ."

"ಇಪ್ಪತ್ತೊರ್ಷದಲ್ಲಿ ಒಂದಿನ ಮರ್ತ್ರಿ. ಅದೂ ನನ್ನ ಪಾಲಿಗೆ." ಅವಳು ಕಾರ್ಬನ್ ಪ್ರತಿ ತೆಗೆದು ಅವನ ಮಂಡಿಯ ಮೇಲಿನ ರಟ್ಟಿನ ಮೇಲೆ ಹಿಡಿದಳು. ಕೈಬಿಡಲಿಲ್ಲ. "ಇದ್ರಲ್ಲಿ ಆರು. ಪಂಚಾಯ್ತಿಲಿರೋದ್ರಲ್ಲಿ ಏಳು. ಆ ಏಳನೇ ಸಾಲೂ ನಿಮ್ಮದೇ ಗುಂಡು ಅಕ್ಸರ. ನಿಮ್ಮ ಬಸವಣ್ಣನ ಮೇಲೆ ಕೈಯಿಟ್ಟು ಏಳಿ, ನಿಮ್ದಲ್ವಾ?"

ಅವನು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಲು ಹೋಗಿ, ಮುಟ್ಟದೆ, ಕೈ ಕೆಳಗಿಳಿಸಿದ.

"ನೀನು ಕೋರ್ಟ್ ಫೀ ಸ್ಟಾಂಪ್ ತರಕೆ ಒಳೀಕೋಗಿದ್ದಲ್ಲ, ಆಗ ನಿನ್ನ ಮೈದ್ನ ಅಂದ. 'ಇನ್ನೊಂದು ಕಾಗ್ದ ಬರೋದದೆ, ಕೆಳಗೊಂಚೂರು ಜಾಗ ಬುಡಿ, ಒಟ್ನೂ ಅಂಕೀಲೇ ಬರೀರಿ' ಅಂತ. ಬುಟ್ಟೆ. ನೀನು ಬಂದು ಸೈನ್ ಹಾಕ್ದೆ. ಮಾರ್ನೇ ದಿನ ಅವ್ನೇ ಮೇಲ್ಗಡೆ ಪ್ರತಿ ಒಂದ್ನೇ ಎತ್ಕಂಡು ಬಂದ. 'ಅತ್ಗೆ ಏಳವ್ರೆ' ಅಂದ. ಬರ್ದೆ."

"ಏಳವ್ರೆ ಅಂದ್ನಾ, ಏಳವೆ ಅಂದ್ನಾ?"

ತಾನು ಸಿಕ್ಕಿಬಿದ್ದಿದ್ದೇನೆ ಎಂಬುದನ್ನೂ ಮರೆತು ಮರಿಸ್ವಾಮಿ ಫಕ್ಕನೆ ನಕ್ಕ. "ನೀನೊಬ್ಳು."

"ನಗಬ್ಯಾಡಿ. ಕಾರ್ಬನ್ನು ಎಲ್ಲಿ ಅಂತ ಯಾಕೆ ಕೇಳ್ನಿಲ್ಲ?"

"ಕೇಳ್ದೆ. ಮನೇಲದೆ ಅಂದ."

ಎರಡು ಪ್ರತಿಯನ್ನೂ ನಂಜೇಶನ ಕೈಗೆ ಕೊಟ್ಟು ಅವಳು ಪಾಳಿಗೆ ಓಡಿದ್ದಳು. ಎರಡನ್ನೂ ಅವನೇ ಪಂಚಾಯಿತಿಗೆ ಒಯ್ದು, ಸೀಲು ಬಿದ್ದ ಕಾರ್ಬನ್ನನ್ನು ಅವಳಿಗೆ ತಂದುಕೊಟ್ಟಿದ್ದ. ಹಾಗಾದರೆ ಒಂದರಲ್ಲಿ ಏಳು, ಇನ್ನೊಂದರಲ್ಲಿ ಆರು ಇದ್ದ ಎರಡು ಕಾಗದಗಳ ಮೇಲೂ ಸೋಮಶೇಖರ್ ಒಂದೇ ದಿನ, ಒಂದೇ ಸೀಲು ಒತ್ತಿದ್ದರು. ನೋಡದೆ ಒತ್ತಿದರೋ, ನೋಡಿ ಒತ್ತಿದರೋ? ನೋಡಿದ್ದರೆ ಅವಳ ಪ್ರತಿಯನ್ನೂ ತಿದ್ದಿಸಿಯೇ ಕೊಡುತ್ತಿದ್ದರು. ಸೋಮಾರಿತನವೂ ಒಮ್ಮೊಮ್ಮೆ ಬಡವರ ಕಡೆಗೆ ಸಾಕ್ಷಿ ಹೇಳುತ್ತದೆ.

"ಇದ್ನೇ ಒಂದು ಕಾಗ್ದದ ಮೇಲೆ ಬರ್ಕೊಡಿ. ನಂಜೇಶ ಬಂದ, ನಾನು ಸೇರಿಸ್ದೆ ಅಂತ."

"ಅದೊಂದ ಕೇಳಬ್ಯಾಡ ಕಣವ್ವ. ಚಿಕ್ಕಬಸಪ್ಪ ನಂಗೆ ಈ ಮರದ ಕೆಳಗೆ ಕುರ್ಚಿ ಹಾಕಕೆ ಬುಡಕಿಲ್ಲ."

"ಅವ್ನೇನು ಮರಾನೂ ಖಾತೆ ಮಾಡಿಸ್ಕಂಡವ್ನಾ?"

ಮರಿಸ್ವಾಮಿ ಅದನ್ನು ಬರೆದುಕೊಡಲಿಲ್ಲ. ಆದರೆ ಹೊಸ ಹಾಳೆ ತೆಗೆದು ಕಾರ್ಬನ್ ಇಟ್ಟ. ಅವಳು ಹೇಳಿದಂತೆ ಇನ್ನೊಂದು ಅರ್ಜಿ ಬರೆದ. ತಾನು ಕೊಟ್ಟ ಲಗತ್ತು ಆರು ಮಾತ್ರ, ಏಳನೆಯದು ತನ್ನದಲ್ಲ, ತಾನು ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ, ಐದನೇ ಲಗತ್ತಿನ ನಕ್ಷೆಯಂತೆ ಪರವಾನಗಿ ಕೊಡಬೇಕು. ಕೆಳಗೆ: 'ಲಗತ್ತು: ಸ್ವೀಕೃತಿ ಸೀಲು ಇರುವ ಅರ್ಜಿಯ ಜೆರಾಕ್ಸ್. ಒಟ್ಟು ಲಗತ್ತು ಒಂದು ಮಾತ್ರ.' ಒಂದು ಎನ್ನುವುದನ್ನು ಅಕ್ಷರದಲ್ಲೇ ಬರೆದ. ಉಳಿದ ಜಾಗಕ್ಕೆ ಮೇಲಿಂದ ಕೆಳಕ್ಕೆ ಅಡ್ಡಗೆರೆ ಎಳೆದ. ಬರೆದ ಕೂಲಿ ಕೊಡಲು ಹೋದರೆ ಕೈ ಮುಂದೆ ಮಾಡಲಿಲ್ಲ. ಅವನು ನಾಚಿಕೊಂಡಿದ್ದಾನೋ, ನಾಳೆ ತಾನು ಬರೆದೇ ಇಲ್ಲ ಎನ್ನಲು ದಾರಿ ಮಾಡಿಕೊಳ್ಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಎರಡನೆಯದೇ ಇರಬಹುದೆಂದುಕೊಂಡಳು.

ಸಂಜೆ ನಂಜೇಶ್ ಹಟ್ಟಿಯಲ್ಲಿ ಹುಲ್ಲು ಹಾಕುತ್ತಿದ್ದ. ಅವಳು ಕೇಳುವ ಮೊದಲೇ ಅವನಿಗೆ ಸುದ್ದಿ ಮುಟ್ಟಿತ್ತು.

"ಕಾರ್ಯದರ್ಸಿ ಹತ್ರ ಕನ್ನಡಕದ ಕತೆ ಕಟ್ಟಿದ್ರಂತೆ?"

"ನೀನು ಮರಿಸ್ವಾಮಿ ಹತ್ರ ಅತ್ಗೆ ಕತೆ ಕಟ್ಟಿದ್ದಂತೆ?"

ಅವನ ಕೈ ನಿಂತಿತು. "ನೋಡಿ ಅತ್ಗೆ, ಹತ್ತಡಿಗೆ ಇಷ್ಟು ಯಾಕೆ? ರಸ್ತೆ ಅಗಲ ಆದ್ರೆ ನಿಮ್ಮ ಸೈಟಿಗೂ ಬೆಲೆ ಬತ್ತದೆ. ಚಿಕ್ಕಬಸಪ್ಪಣ್ಣ ನಂಗೂ ಒಂದು ಮೂಲೆ ಸೈಟು ಕೊಡ್ತೀನಿ ಅಂದವ್ನೆ. ನಾನೇನು ಪರದೇಸಿನಾ? ನಮ್ಮಣ್ಣನ ದುಡ್ಡಲ್ವಾ ಆ ಸೈಟು?"

"ನಿಮ್ಮಣ್ಣ ನನ್ನ ಹೆಸ್ರಿಗೆ ಯಾಕೆ ಬರ್ಸುದ್ರು ಅಂತ ಇವತ್ತು ಗೊತ್ತಾಯ್ತು ಬುಡು."

"ನಾಳೆ ಸುಮ್ನೆ ಸೈನ್ ಹಾಕ್ಬುಡಿ. ಇಲ್ದಿದ್ರೆ..." ಅವನು ಕೋಣೆಯ ಕಡೆಗೆ ನೋಡಿದ. ಅಲ್ಲಿ ಅವಳ ಟ್ರಂಕು, ಮಗಳ ಪುಸ್ತಕ, ಎರಡು ಚಾಪೆ ಇದ್ದವು. ಮುಂದಿನ ಮಾತನ್ನು ಆ ನೋಟವೇ ಆಡಿತು.

ಚನ್ನಬಸಮ್ಮ ಒಳಗೆ ಹೋಗಿ, ಬಂದೊಡನೆ ಟ್ರಂಕಿನಲ್ಲಿಟ್ಟಿದ್ದ ಕಾರ್ಬನ್ ಪ್ರತಿಯನ್ನು ಹೊರತೆಗೆದಳು. ಈ ಮನೆಯಲ್ಲಿ ಬೀಗವಿರುವ ಜಾಗವೂ ಭದ್ರವಲ್ಲ. ಪಕ್ಕದ ಬೀದಿಯ ಮಲ್ಲಾಜಮ್ಮ, ಅವಳ ಜೊತೆ ಪ್ಯಾಕಿಂಗಿನಲ್ಲೇ ಇರುವವಳು. ಅದನ್ನು ಅವಳ ಕೈಗೆ ಕೊಟ್ಟು, ನಾನು ಕೇಳಿದರೂ ನಾಳೆ ಸಂಜೆವರೆಗೆ ಕೊಡಬೇಡ ಎಂದಳು. "ನೀನು ಕೇಳಿದ್ರೂವಾ?" ಎಂದಳು ಮಲ್ಲಾಜಮ್ಮ. "ನಾನು ಕೇಳಿದ್ರೂವೆ. ನನ್ನ ಮೇಲೂ ನಂಬಿಕೆ ಇಡಬ್ಯಾಡ."

ಗುರುವಾರ ಅರ್ಧ ದಿನದ ರಜೆ ಹಾಕಿ ಹೋದಳು. ಮೀಟಿಂಗು ಆಗಷ್ಟೇ ಮುಗಿದು ಸದಸ್ಯರು ಹೊರಗೆ ನಿಂತು ಕಾಫಿ ಕುಡಿಯುತ್ತಿದ್ದರು. ಒಳಗೆ ಸೋಮಶೇಖರ್, ಅವರ ಪಕ್ಕದ ಕುರ್ಚಿಯಲ್ಲಿ ಚಿಕ್ಕಬಸಪ್ಪ. ಹಣೆಯಲ್ಲಿ ಒಣಗಿದ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು. ಬಾಗಿಲಲ್ಲಿ ನಂಜೇಶ್ ಚಪ್ಪಲಿ ಕಳಚದೆ ನಿಂತಿದ್ದ.

"ಬಾ ತಂಗವ್ವ," ಎಂದ ಚಿಕ್ಕಬಸಪ್ಪ. "ನಿಂದು ಪಾಸಾಯ್ತು. ನಾನೇ ಸೂಚನೆ ಮಾಡ್ದೆ ಕಣವ್ವ."

ಮೇಜಿನ ಮೇಲೆ ಲೈಸೆನ್ಸ್ ಇತ್ತು. ಸೀಲು ಬಿದ್ದಿತ್ತು. ಅವಳು ಕೈಗೆತ್ತಿಕೊಳ್ಳದೆ ಓದಿದಳು. ನಿವೇಶನದ ಅಳತೆ: ೨೦ x ೪೦. ಷರತ್ತು: ಅರ್ಜಿದಾರರು ಲಗತ್ತು ೭ರಲ್ಲಿ ಒಪ್ಪಿದಂತೆ.

"ಇದ್ರ ಜೊತೆ ಐದ್ನೇ ಲಗತ್ತು ನೋಡುದ್ರಾ ಸಾ?"

"ಅದೇನಮ್ಮ?"

"ನಕ್ಸೆ. ಅದ್ರಲ್ಲಿ ನಮ್ಮ ಬಾಗ್ಲು ಪೂರ್ವಕ್ಕದೆ. ಏಳ್ನೇದು ನಿಜ ಆದ್ರೆ ನಾನು ಬಾಗ್ಲನ್ನ ರಸ್ತೆಗೆ ಬುಟ್ಕೊಟ್ಟು, ಆಮ್ಯಾಕೆ ಅದೇ ಬಾಗ್ಲು ಕಟ್ಟಕೆ ಲೈಸೆನ್ಸ್ ಕೇಳಿವ್ನಿ. ಒಂದೇ ಅರ್ಜೀಲಿ. ಅಷ್ಟು ಹುಚ್ಚಿನಾ ನಾನು?"

ಸೋಮಶೇಖರ್ ಕನ್ನಡಕ ತೆಗೆದು ಒರೆಸಿದರು. ಚಿಕ್ಕಬಸಪ್ಪ ನಕ್ಕ. "ಬಾಗ್ಲು ದಕ್ಷಿಣಕ್ಕೆ ಇಟ್ಕೊಂಡ್ರಾಯ್ತು. ನಕ್ಸೆ ನಾನೇ ಬರೆಸ್ಕೊಡ್ತೀನಿ."

ಅವಳು ಹೊಸ ಅರ್ಜಿಯನ್ನೂ ಅದರ ಕಾರ್ಬನ್ನನ್ನೂ ಮೇಜಿನ ಮೇಲಿಟ್ಟಳು. "ಇದ್ಕೆ ಸೀಲು ಒತ್ಕೊಡಿ ಸಾ. ಎರಡ್ಕೂವೆ. ಒತ್ತೋಕ್ಮುಂಚೆ ಓದಿ."

ಸೋಮಶೇಖರ್ ಓದಿದರು. ಲಗತ್ತಾಗಿದ್ದ ಜೆರಾಕ್ಸ್ ನೋಡಿದರು. ತಮ್ಮದೇ ಸೀಲು, ತಮ್ಮದೇ ರುಜು, ಅದರ ಪಕ್ಕದಲ್ಲಿ ಆರು. ಆ ತಣ್ಣನೆಯ ಮನುಷ್ಯನ ಕಿವಿ ಕೆಂಪಾಯಿತು. ಹಾಳೆಯನ್ನು ಚಿಕ್ಕಬಸಪ್ಪನ ಕಡೆಗೆ ಸರಿಸಿದರು.

"ಮೂಲ ಎಲ್ಲಿ?" ಎಂದ ಚಿಕ್ಕಬಸಪ್ಪ. ಈಗ ಅವನ ಮಾತಿನಲ್ಲಿ ತಂಗವ್ವ ಇರಲಿಲ್ಲ.

"ಅದೆ."

"ತತ್ತಾ. ತಪ್ಪಾಗದೆ, ತಿದ್ದಿ ಕೊಡ್ತಾರೆ. ಅದೂ ಇದೂ ಒಂದೇ ಆಗ್ಬೇಕಲ್ವಾ?"

"ಆಗ್ಬೇಕು ಕಣಣ್ಣ. ನಿಮ್ದನ್ನ ತಿದ್ದಿ."

ಬಾಗಿಲಲ್ಲಿ ನಂಜೇಶ್ ಕೆಮ್ಮಿದ. ಸೋಮಶೇಖರ್ ಪೆನ್ನಿನ ಕ್ಯಾಪು ತೆಗೆದು, ಟೈಪ್ ಮಾಡಿದ ಒಪ್ಪಿಗೆ ಪತ್ರದ ಖಾಲಿ ಜಾಗದ ಮೇಲೆ ಅಡ್ಡ ಇಟ್ಟರು. ಧ್ವನಿ ಮಾತ್ರ ಮೊದಲಿನಷ್ಟೇ ಮೆದುವಾಗಿತ್ತು. "ನೋಡಿ ಚನ್ನಬಸಮ್ಮನೋರೆ, ನೀವು ಸೈನ್ ಹಾಕಿದ್ರೆ ಈಗ್ಲೇ ಲೈಸೆನ್ಸ್. ಇಲ್ಲ ಅಂದ್ರೆ ಅರ್ಜಿ ವಿಲೇವಾರಿ ಆಯ್ತು. ಮತ್ತೆ ಮೊದಲಿಂದ. ಎಷ್ಟು ದಿನ ಆಗುತ್ತೋ ನಾನು ಹೇಳೋಕಾಗಲ್ಲ."

ಅವಳು ಪೆನ್ನನ್ನು ಎತ್ತಿ, ಕ್ಯಾಪು ಹಾಕಿ, ಅವರ ಕಡೆಗೆ ಇಟ್ಟಳು. ಆಮೇಲೆ ಗೋಡೆ ಪಕ್ಕದ ಬೆಂಚಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಸೀಲು ಬೀಳೋಗಂಟ ಇಲ್ಲೇ ಇರ್ತೀನಿ ಸಾ."

"ಕಚೇರಿ ಬಾಗಿಲು ಹಾಕ್ಬೇಕು."

"ಹಾಕ್ಕಳಿ. ಬಾಗ್ಲು ಇರೋ ಮನೇಲಿ ಕೂತು ನಂಗೂ ಅಭ್ಯಾಸ ಆಗ್ಲಿ."

ಹೊರಗೆ ಕಾಫಿ ಲೋಟ ಹಿಡಿದಿದ್ದ ಸದಸ್ಯರಲ್ಲಿ ಇಬ್ಬರು ಕಿಟಕಿಯ ಹತ್ತಿರ ಬಂದಿದ್ದರು. ಅವರಲ್ಲಿ ಒಬ್ಬಳು ಚಾಮುಂಡಮ್ಮ, ಹೊಸದಾಗಿ ಗೆದ್ದವಳು. ಅರ್ಧ ಗಂಟೆ ಮೊದಲು ಇದೇ ಲೈಸೆನ್ಸಿಗೆ ಕೈಯೆತ್ತಿದವಳು. "ಅದೇನ್ ಸಾ ಅದು, ಏಳನೇದು? ನಮಗ್ಯಾರ್ಗೂ ಓದಿ ಹೇಳ್ಲಿಲ್ವಲ್ಲ ನೀವು?" ಎಂದಳು.

ಚಿಕ್ಕಬಸಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ನಿಂತ. ಬೆಂಚಿನ ಎದುರಿಗೆ ಬಂದು ಕೈಯನ್ನು ಬಾಗಿಲ ಕಡೆಗೆ ಚಾಚಿದ. "ಸಾಕು ನಾಟ್ಕ. ಏಳು."

ಚನ್ನಬಸಮ್ಮ ಕದಲಲಿಲ್ಲ.

"ಏಳಲ್ಲ ಕಣಣ್ಣ," ಎಂದಳು. "ಆರು. ಆರು ಮಾತ್ರ."